ಅರ್ಧ ಅಂದುಕೊಂಡ ರಿಂಗು ಅರ್ಧ ಇರಲಿಲ್ಲ

ಪೀಣ್ಯದ ಒಂದು ಚಿಕ್ಕ ಟರ್ನಿಂಗ್ ಶಾಪಿನಲ್ಲಿ ಎಸ್ಟಿಮೇಟ್, ಚಲನ್ ನೋಡಿಕೊಳ್ಳುವ ಕೆಲಸ ನನ್ನದು. ಸೇರಿದ ಹೊಸತರಲ್ಲಿ ಒಂದು ಜಾಬ್ ವರ್ಕ್ ಬಂತು. ಮೆಟೀರಿಯಲ್ ಪಾರ್ಟಿಯದೇ, 200 ಸ್ಟೀಲ್ ರಿಂಗು. ಒಳ ವ್ಯಾಸ 40 ಮಿ.ಮೀ., ಹೊರ ವ್ಯಾಸ 100, ಎತ್ತರ 40. ಹೊರಮೈಗೆ ಟೇಪರ್ ಹೊಡೆಯಬೇಕು. ಬುಡದಲ್ಲಿ 100 ಹಾಗೇ ಇದ್ದು, ಮೇಲೆ ಹೋಗುತ್ತಾ ಒಳತೂತಿನ ಅಂಚಿಗೆ ಚೂಪಾಗಿ ಸೇರಬೇಕು.

ರಿಂಗನ್ನು ಸೀಳಿದರೆ ಗೋಡೆ 30 ಅಗಲ, 40 ಎತ್ತರದ ಆಯತ. ಟೇಪರ್ ಅದರ ಕರ್ಣ. ಅಂದರೆ ಅರ್ಧ ಹೋಗುತ್ತೆ, ಅರ್ಧ ಉಳಿಯುತ್ತೆ, ಅಲ್ವಾ? ಹಾಗಂತ ರಿಂಗಿನ ತೂಕವನ್ನು ಸುಮ್ನೆ ಎರಡರಿಂದ ಭಾಗಿಸಿ, ಪೀಸಿಗೆ 1036 ಗ್ರಾಂ ಎಂದು ಚಲನ್ ಬರೆದೆ. ಪಾರ್ಟಿಯ ತಕ್ಕಡಿಯಲ್ಲಿ 888ರ ಆಸುಪಾಸು ಬಂತು. ಒಟ್ಟು ಸುಮಾರು 30 ಕೆ.ಜಿ. ಕಮ್ಮಿ! ನಾವು ಕಬ್ಬಿಣ ಕದ್ದಿದ್ದೇವೆ ಅನ್ನುವ ಧಾಟಿಯಲ್ಲಿ ಫೋನು ಬಂತು.

ನಮ್ಮ ಹಳೆಯ ಟರ್ನರ್ ನಕ್ಕರು. "ಸಾರ್, ಹೊರಗಡೆ ಒಂದು ಸುತ್ತಿಗೆ ಚಿಪ್ಸ್ ಎಷ್ಟುದ್ದ ಬರುತ್ತೆ, ತೂತಿನ ಹತ್ರ ಎಷ್ಟುದ್ದ ಬರುತ್ತೆ ನೋಡಿ" ಎಂದರು. ಅಷ್ಟೇ ವಿಷಯ. ಕತ್ತರಿಸಿದ ತ್ರಿಭುಜ ಹೊರಗಿನದು, ಅದು ದೊಡ್ಡ ಸುತ್ತು ಹಾಕುತ್ತದೆ.

ಲೆಕ್ಕ ಸುಲಭ. ಆಕಾರದ ವಿಸ್ತೀರ್ಣವನ್ನು ಅದರ ಗುರುತ್ವ ಕೇಂದ್ರ ಒಂದು ಸುತ್ತಿಗೆ ಕ್ರಮಿಸುವ ದೂರದಿಂದ ಗುಣಿಸಿದರೆ ಘನಫಲ. ಅಲೆಕ್ಸಾಂಡ್ರಿಯಾದ ಪಾಪಸ್ ಹೆಸರಿನ ಹಳೆಯ ನಿಯಮ ಇದು. ಲಂಬಕೋನ ತ್ರಿಭುಜದಲ್ಲಿ ಆ ಬಿಂದು ನೆಟ್ಟಗಿನ ಬದಿಯಿಂದ ಅಗಲದ ಮೂರನೇ ಒಂದು ಭಾಗ ದೂರ, ಇಲ್ಲಿ 10 ಮಿ.ಮೀ. ಉಳಿದ ತ್ರಿಭುಜದ ನೆಟ್ಟಗಿನ ಬದಿ ತೂತಿನ ಕಡೆ, ಹಾಗಾಗಿ ನಡುಗೆರೆಯಿಂದ 20 + 10 = 30. ಹೋದದ್ದಕ್ಕೆ 50 − 10 = 40. ಎರಡರ ವಿಸ್ತೀರ್ಣವೂ 600.

```
ಉಳಿದದ್ದು: 600 × 2π × 30 = 36000π
ಹೋದದ್ದು:  600 × 2π × 40 = 48000π
```

ಕೂಡಿದರೆ 84000π. ಇಡೀ ರಿಂಗಿಗೆ π(50² − 20²) × 40 ಹಾಕಿದರೂ ಅದೇ ಬರುತ್ತದೆ. ನಂಬಿಕೆ ಬಾರದೆ ಶಂಕುವಿನ ಭಿನ್ನಕದಿಂದ ತೂತಿನ ಸಿಲಿಂಡರ್ ಕಳೆದೂ ನೋಡಿದೆ: 52000π − 16000π. ಅದೇ 36000π! ಅಂದರೆ ಉಳಿದದ್ದು ಅರ್ಧವಲ್ಲ, ಏಳರಲ್ಲಿ ಮೂರು ಪಾಲು.

ತೂತೇ ಇಲ್ಲದಿದ್ದರೆ ಉಳಿಯುವುದು ಶಂಕು, ಮೂರರಲ್ಲಿ ಒಂದು ಪಾಲು. ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದ ಆ 1/3 ಇಲ್ಲಿಂದಲೇ ಬರುತ್ತದೆ ಅಂತ ನನಗೆ ಹೊಳೆದದ್ದು ಆಗ. ದೊಡ್ಡ ತೂತಿನ ತೆಳು ರಿಂಗಿಗಾದರೆ ಅರ್ಧ ಅಂದರೂ ಹೆಚ್ಚೇನೂ ತಪ್ಪಾಗದು. ನಡುಗೆರೆ ಆಕಾರದ ಒಳಗೇ ಹಾದುಹೋದರೆ ಮಾತ್ರ ಈ ನಿಯಮ ನಡೆಯದು. ಇನ್ನೊಂದು, ಡ್ರಾಯಿಂಗಿನಲ್ಲಿ ಇರೋದು ವ್ಯಾಸ; ಅರ್ಧ ಮಾಡುವುದನ್ನು ಮರೆಯಬಾರದು.

ಕೊನೆಗೆ ಚಿಪ್ಸ್ ಮೂಟೆಗಳನ್ನೇ ಒಯ್ದು ಪಾರ್ಟಿಯ ಎದುರು ತೂಕ ಹಾಕಿಸಿದೆವು. ಲೆಕ್ಕಕ್ಕೆ 237 ಕೆ.ಜಿ. ಬರಬೇಕು. ಕೂಲಂಟ್ ಮೆತ್ತಿಕೊಂಡಿದ್ದರಿಂದ 240 ದಾಟಿತು. ಆ ಜಾಸ್ತಿ ಬಂದ ಮೂರು ಕೆ.ಜಿ. ಬಗ್ಗೆ ಯಾರೂ ಫೋನ್ ಮಾಡಲಿಲ್ಲ.