ಸಿಗಡಿ ಅಲರ್ಜಿ ಮತ್ತು ಗೌಡರ ಸ್ಪೆಲ್ಲಿಂಗು

"ಅಣ್ಣ, ಹೋಟೆಲ್ ಮ್ಯಾನೇಜ್‌ಮೆಂಟ್ ಮುಗೀತು. ಮುಂದಿನ ವಾರ ದುಬೈ ಹೋಟೆಲಿನ ಇಂಟರ್‌ವ್ಯೂ. ಏನು ಕೇಳ್ತಾರೆ? ಯಾವ ಕಾಗದ ಬೇಕು?"

ಕುಮಟಾಕ್ಕೆ ವಾಪಸ್ ಬರುವ ಮುಂಚೆ ನಾನು ಅಲ್ಲಿ ರೆಸ್ಟೋರೆಂಟ್ ಸರ್ವಿಸ್‌ನಲ್ಲಿದ್ದೆ. ಕೊನೆಯ ಎರಡು ವರ್ಷ ಹೊಸಬರನ್ನು ಆರಿಸುವ ಕೆಲಸವೂ ನನ್ನದೇ ಆಗಿತ್ತು. 'ನಿಮ್ಮ ಬಗ್ಗೆ ಹೇಳಿ' ಎಂದರೆ ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ, ಅಲ್ಲಿ ಯಾರೂ ಬೀಳುವುದಿಲ್ಲ. ಬೀಳುವುದು 'ಹೀಗಾದರೆ ಏನು ಮಾಡ್ತೀರಿ' ಎಂದಾಗ.

ಹೋದ ತಿಂಗಳು ಅಂಕೋಲಾದ ಹುಡುಗನೊಬ್ಬ ಅಭ್ಯಾಸಕ್ಕೆಂದು ಬಂದಿದ್ದ. ಕೇಳಿದೆ: "ಗೆಸ್ಟ್ ಕರಿದ ಮೀನು ಆರ್ಡರ್ ಮಾಡಿದ್ದಾರೆ. ಆಮೇಲೆ ತನಗೆ ಸಿಗಡಿ ಅಲರ್ಜಿ ಅಂತಾರೆ. ಏನು ಮಾಡ್ತೀಯಾ?"

"ಮೀನಲ್ಲಿ ಸಿಗಡಿ ಇರೋದಿಲ್ಲ, ಚಿಂತೆ ಮಾಡಬೇಡಿ ಅಂತೀನಿ" ಎಂದ.

"ನಿಮ್ಮ ಮನೇಲಿ ಬಂಗಡೆ ಕರಿದ ಎಣ್ಣೇಲೇ ಸಿಗಡಿ ಕರಿಯೋದಿಲ್ವಾ?"

ಹುಡುಗ ನಕ್ಕ. ಅಲ್ಲೇ ಇರುವುದು ವಿಷಯ. ಹೋಟೆಲಿನಲ್ಲೂ ಒಂದೇ ಫ್ರೈಯರಿನಲ್ಲಿ ಎರಡೂ ಬೀಳಬಹುದು. ಸಾಸಿನಲ್ಲಿ ಸಿಗಡಿ ಪೇಸ್ಟ್ ಇರಬಹುದು, ಥಾಯ್ ಕರಿ ಪೇಸ್ಟಿನಲ್ಲಂತೂ ಜಾಸ್ತಿ. ಕಣ್ಣಿಗೆ ಸಿಗಡಿ ಕಾಣದಿದ್ದರೂ ಗೆಸ್ಟ್‌ಗೆ ಉಸಿರು ಕಟ್ಟಬಹುದು.

ಹಾಗಾಗಿ ಉತ್ತರ ಹೀಗಿರಲಿ. ಮೊದಲು ಅಡುಗೆಮನೆಗೆ ಹೇಳಿ ಆ ಆರ್ಡರ್ ನಿಲ್ಲಿಸುತ್ತೇನೆ. ಸಿಗಡಿ ಮಾತ್ರವೋ, ಏಡಿಯೂ ಆಗುವುದಿಲ್ಲವೋ, ಸ್ವಲ್ಪ ತಾಗಿದರೂ ತೊಂದರೆಯೋ ಎಂದು ಗೆಸ್ಟ್‌ನ್ನೇ ಕೇಳುತ್ತೇನೆ. ಆರ್ಡರ್ ಚೀಟಿಯಲ್ಲಿ ಬರೆಯುತ್ತೇನೆ, ಜೊತೆಗೆ ಶೆಫ್ ಹತ್ತಿರ ಹೋಗಿ ಬಾಯಲ್ಲೂ ಹೇಳುತ್ತೇನೆ. ಎಣ್ಣೆ, ಸಾಸು ಎರಡನ್ನೂ ವಿಚಾರಿಸುತ್ತೇನೆ. ಶೆಫ್ ಖಚಿತವಾಗಿ ಹೇಳಿದ ಮೇಲೆಯೇ ಗೆಸ್ಟ್‌ಗೆ ಭರವಸೆ ಕೊಡುತ್ತೇನೆ. ಇಲ್ಲದಿದ್ದರೆ 'ಈ ಪದಾರ್ಥ ಬೇಡ, ಬೇರೆ ಕೊಡ್ತೇನೆ' ಎನ್ನುತ್ತೇನೆ. ಮ್ಯಾನೇಜರ್‌ಗೂ ತಿಳಿಸುತ್ತೇನೆ.

"ಆಗಲೇ ತಿಂದುಬಿಟ್ಟು ತುಟಿ ಊದಿದರೆ?" ಎಂದು ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ತಕ್ಷಣ ಮ್ಯಾನೇಜರ್, ಜೊತೆಗೆ ಆಂಬ್ಯುಲೆನ್ಸ್. ನಿಮ್ಮ ಜೇಬಿನ ಮಾತ್ರೆ ಕೊಡುತ್ತೇನೆ ಎಂದರೆ ಅಲ್ಲಿಗೆ ಮುಗೀತು.

ಇದನ್ನು ಉರು ಹೊಡೆಯಬೇಡಿ. ಮನೆಯಲ್ಲಿ ಯಾರನ್ನಾದರೂ ಗೆಸ್ಟ್ ಮಾಡಿ ಕೂರಿಸಿ, ಇಂಗ್ಲಿಷಿನಲ್ಲೇ ನಾಲ್ಕು ಸಲ ಆಡಿ. ನಮ್ಮ ಕಡೆ ಹುಡುಗರಿಗೆ ವಿಷಯ ಗೊತ್ತಿರುತ್ತದೆ, ಬಾಯಿಗೆ ಬರುವುದಿಲ್ಲ.

ಇನ್ನು ಕಾಗದ. ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡು, ಡಿಗ್ರಿ, ಟ್ರೈನಿಂಗ್ ಸರ್ಟಿಫಿಕೇಟು, ಇವು ಎಲ್ಲರಿಗೂ ಗೊತ್ತು. ನಾನು ಮೊದಲು ನೋಡುವುದು ಹೆಸರನ್ನು. ಅಂಕೋಲಾ ಹುಡುಗನ ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರು ಬರೀ ಇನಿಷಿಯಲ್ಲು. ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಗೌಡ ಎಂಬುದಕ್ಕೆ ಒಂದರಲ್ಲಿ 'ಯು', ಇನ್ನೊಂದರಲ್ಲಿ 'ಡಬ್ಲ್ಯು'. ನಮಗೆ ಎರಡೂ ಒಂದೇ, ಆಫೀಸಿನವರಿಗೆ ಇಬ್ಬರು ಮನುಷ್ಯರು. ಇಂಥದ್ದನ್ನು ಇಂಟರ್‌ವ್ಯೂಗೆ ಮೊದಲೇ ಹಿಡಿಯಿರಿ. ಬಯೋಡಾಟಾದಲ್ಲಿ, ಫಾರ್ಮಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಿರಿ. ಯಾವುದನ್ನು ತಿದ್ದಿಸಬೇಕು, ಅಫಿಡವಿಟ್ ಸಾಕಾ ಎಂದು ಡಿಗ್ರಿಯನ್ನು ಅಟೆಸ್ಟೇಶನ್‌ಗೆ, ಅಂದರೆ ಅಸಲಿ ಎಂಬ ಸರ್ಕಾರಿ ಮುದ್ರೆಗೆ, ಕೊಡುವ ಮುಂಚೆಯೇ ಕೇಳಿಕೊಳ್ಳಿ.

ಅಟೆಸ್ಟೇಶನ್ ದುಬೈಗೆ ಒಂದು ಥರ, ಒಮಾನ್‌ಗೆ ಇನ್ನೊಂದು ಥರ. ಯುಎಇಗೆ ಡಿಗ್ರಿ ಮೊದಲು ರಾಜ್ಯದಲ್ಲಿ, ಆಮೇಲೆ ವಿದೇಶಾಂಗ ಇಲಾಖೆಯಲ್ಲಿ, ಆಮೇಲೆ ಯುಎಇ ರಾಯಭಾರ ಕಚೇರಿಯಲ್ಲಿ ಮುದ್ರೆ ಹೊಡೆಸಿಕೊಳ್ಳಬೇಕು. ಒಮಾನ್ ಅಪೊಸ್ಟಿಲ್ ಒಪ್ಪಂದದಲ್ಲಿದೆ, ಅಂದರೆ ನಮ್ಮ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಮುದ್ರೆಯನ್ನೇ ಒಪ್ಪುತ್ತದೆ, ಹಾಗಾಗಿ ರಾಯಭಾರ ಕಚೇರಿಯ ಕೊನೆಯ ಸುತ್ತು ತಪ್ಪುತ್ತದೆ. ಆಯ್ಕೆಯಾಗಿ ಹೋಟೆಲ್ ಕೇಳಿದ ಮೇಲೆ ಮಾಡಿಸಿದರೆ ಸಾಕು, ಸುಮ್ನೆ ದುಡ್ಡು ಹಾಕಬೇಡಿ.

ಏಜೆಂಟ್ ಮೂಲಕ ಹೋಗುವುದಾದರೆ emigrate.gov.in ನಲ್ಲಿ ಅವರ ಹೆಸರಿದೆಯಾ ನೋಡಿ. ನೋಂದಾಯಿತ ಏಜೆಂಟ್ ಸೇವಾ ಶುಲ್ಕವೆಂದು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. 'ಈಗ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಳ್ಳೋಣ' ಎಂದವರ ಹತ್ತಿರ ನಾನೂ ಒಮ್ಮೆ ಒಂದು ಲಕ್ಷ ಕಳೆದುಕೊಂಡಿದ್ದೇನೆ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಕಾನೂನಿಗೆ ವಿರುದ್ಧ. ಸಿಕ್ಕಿಬಿದ್ದರೆ ದಂಡ ಕಟ್ಟಬೇಕಾದವರು ನೀವೂ ಹೌದು. ಏಜೆಂಟ್ ಅಷ್ಟು ಹೊತ್ತಿಗೆ ಫೋನ್ ಎತ್ತುವುದಿಲ್ಲ.