ಉದ್ದ ಉತ್ತರಕ್ಕೆ ಒಲಿಯುವ ತೀರ್ಪುಗಾರ

ಕೋಲಾರದ ಸುತ್ತಮುತ್ತಲಿನ ಟೊಮೆಟೊ ಬೆಳೆಗಾರರು ವಾಟ್ಸ್‌ಆ್ಯಪ್‌ನಲ್ಲಿ ಕೇಳುವ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರಿಸುವ ಒಂದು ಚಾಟ್‌ಬಾಟ್‌ ಇದೆ. ಅದರ ಉತ್ತರಗಳು ಸರಿಯಿವೆಯೇ ಎಂದು ನೋಡುವುದು ನನ್ನ ಕೆಲಸ. ಕಳೆದ ಬೇಸಿಗೆಯಲ್ಲಿ ಅದರ ಹೊಸ ಆವೃತ್ತಿ ಬಂತು. ಹಳೆಯದಕ್ಕಿಂತ ಹೊಸದು ಬಹಳ ಮೇಲು ಎಂದು ಸಾರುವ ಅಂಕಪಟ್ಟಿಯೂ ಜೊತೆಯಲ್ಲೇ ಬಂತು. ಅಂಕ ಕೊಟ್ಟಿದ್ದು ಇನ್ನೊಂದು ದೊಡ್ಡ ಭಾಷಾ ಮಾದರಿ. ಪ್ರಶ್ನೆಯನ್ನೂ ಎರಡು ಆವೃತ್ತಿಗಳ ಉತ್ತರಗಳನ್ನೂ ಅದರ ಮುಂದಿಟ್ಟು, ಎರಡಕ್ಕೂ ಹತ್ತರಲ್ಲಿ ಅಂಕ ಕೊಡು ಎಂದು ಕೇಳಲಾಗಿತ್ತು.

ಈ ಪದ್ಧತಿಯೇ ತಪ್ಪು ಎಂದು ನಾನು ಹೇಳುವುದಿಲ್ಲ. ನೂರಾರು ಉತ್ತರಗಳನ್ನು ಪ್ರತಿ ವಾರ ಕೂತು ಓದುವಷ್ಟು ಬಿಡುವಿರುವ ಕೃಷಿ ತಜ್ಞರು ಯಾರಿಗೂ ಸಿಗುವುದಿಲ್ಲ. 2023ರಲ್ಲಿ ಬಂದ ಒಂದು ಹೆಸರಾಂತ ಅಧ್ಯಯನದಲ್ಲಿ ಜಿಪಿಟಿ-4ರ ತೀರ್ಪು ಮನುಷ್ಯರ ತೀರ್ಪಿನೊಂದಿಗೆ ಶೇ 80ಕ್ಕೂ ಹೆಚ್ಚು ಬಾರಿ ಹೊಂದಿತ್ತು. ಮನುಷ್ಯರು ತಮ್ಮತಮ್ಮಲ್ಲೇ ಒಪ್ಪುವ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅದೇ ಅಧ್ಯಯನ ಇಂಥ ತೀರ್ಪುಗಾರರ ದೌರ್ಬಲ್ಯಗಳನ್ನೂ ಹೆಸರಿಸಿತ್ತು. ಯಾವ ಉತ್ತರವನ್ನು ಮೊದಲು ಇಟ್ಟಿದ್ದಾರೆ ಎಂಬುದರ ಮೇಲೆ ತೀರ್ಪು ವಾಲುತ್ತದೆ. ಯಾವುದು ಉದ್ದವಿದೆಯೋ ಅದರ ಕಡೆಗೂ ವಾಲುತ್ತದೆ. ಎರಡನೆಯದು ನಮ್ಮಲ್ಲಿ ಹೇಗೆ ಕಾಣಿಸಿಕೊಂಡಿತು ಎಂಬುದಷ್ಟೇ ಈ ಬರಹ.

ಒಂದು ಪ್ರಶ್ನೆಯನ್ನು ತೆಗೆದುಕೊಳ್ಳುತ್ತೇನೆ. ವೇಮಗಲ್ ಕಡೆಯ ರೈತ ಮಹಿಳೆಯೊಬ್ಬರು ಕೇಳಿದ್ದರು: ‘ಕಾಯಿಯ ತಳ ಕಪ್ಪಾಗಿ ಒಳಕ್ಕೆ ಕುಗ್ಗುತ್ತಿದೆ, ಯಾವ ಔಷಧಿ ಹೊಡೆಯಬೇಕು?’ ಹಳೆಯ ಆವೃತ್ತಿ ನಾಲ್ಕು ವಾಕ್ಯದಲ್ಲಿ ಮುಗಿಸಿತ್ತು. ಇದು ರೋಗಾಣುವಿನಿಂದ ಬಂದದ್ದಲ್ಲ, ಕಾಯಿಗೆ ಕ್ಯಾಲ್ಸಿಯಂ ಸಾಲದೆ ಆಗುವುದು, ನೀರು ಒಂದು ದಿನ ಹೆಚ್ಚು, ಇನ್ನೊಂದು ದಿನ ಇಲ್ಲ ಎಂದಾದರೆ ಹೀಗಾಗುತ್ತದೆ, ದಿನವೂ ಸಮನಾಗಿ ಹನಿಸಿ, ಶಿಲೀಂಧ್ರನಾಶಕ ಬೇಡ. ಹೊಸ ಆವೃತ್ತಿ ಅದರ ಐದು ಪಟ್ಟು ಬರೆದಿತ್ತು. ಟೊಮೆಟೊ ಮುಖ್ಯ ವಾಣಿಜ್ಯ ಬೆಳೆ ಎಂಬಲ್ಲಿಂದ ಶುರುವಾಗಿ, ದಪ್ಪಕ್ಷರದ ಉಪಶೀರ್ಷಿಕೆಗಳಡಿ ಸಂಭವನೀಯ ಕಾರಣಗಳು, ಮುನ್ನೆಚ್ಚರಿಕೆಗಳು, ಮಣ್ಣು ಪರೀಕ್ಷೆ ಎಲ್ಲವೂ ಇದ್ದವು. ನೀರಿನ ಮಾತು ಕೆಳಗಿನ ಒಂದು ಸಾಲಿನಲ್ಲಿತ್ತು. ಅದಕ್ಕೂ ಮೊದಲೇ ‘ಅಗತ್ಯವಿದ್ದರೆ ಶಿಲೀಂಧ್ರನಾಶಕ ಸಿಂಪಡಿಸಬಹುದು’ ಎಂಬ ಸಾಲೂ ಇತ್ತು. ತೀರ್ಪುಗಾರ ಮಾದರಿ ಹಳೆಯದಕ್ಕೆ 6, ಹೊಸದಕ್ಕೆ 9 ಕೊಟ್ಟಿತ್ತು. ಹೊಸದು ಸಮಗ್ರವಾಗಿದೆ ಎಂಬುದೇ ಅದು ಕೊಟ್ಟ ಕಾರಣ.

ಈ ಎರಡನ್ನೂ ಯಾವುದು ಯಾರದೆಂದು ತಿಳಿಸದೆ, ನಮಗೆ ಸಲಹೆ ಕೊಡುವ ನಿವೃತ್ತ ಕೃಷಿ ಅಧಿಕಾರಿಯೊಬ್ಬರಿಗೆ ಓದಲು ಕೊಟ್ಟೆ. ಅವರು ಉದ್ದದ ಉತ್ತರದಲ್ಲಿ ಶಿಲೀಂಧ್ರನಾಶಕದ ಸಾಲಿನ ಮೇಲೆ ಬೆರಳಿಟ್ಟು, ‘ಇದೊಂದು ಸಾಲಿಗೆ ಆಯಮ್ಮ ಅಂಗಡಿಗೆ ಹೋಗಿ ದುಡ್ಡು ಸುರಿಯುತ್ತಾರೆ. ಕಾಯಿಲೆ ಹಾಗೇ ಇರುತ್ತದೆ’ ಎಂದರು. ‘ಮತ್ತೆ ಇದನ್ನು ಪೂರ್ತಿ ಓದುವವರು ಯಾರು?’ ಎಂದೂ ಕೇಳಿದರು. ನ್ಯಾಯವಾದ ಪ್ರಶ್ನೆ. ಉದ್ದದ ಸಂದೇಶವನ್ನು ವಾಟ್ಸ್‌ಆ್ಯಪ್ ಅರ್ಧಕ್ಕೇ ಮಡಚಿ, ಮಿಕ್ಕಿದ್ದನ್ನು ಓದಲು ಒತ್ತಬೇಕಾದ ಕೊಂಡಿಯೊಂದನ್ನು ತೋರಿಸುತ್ತದೆ. ನೀರಿನ ಸಾಲು ಇದ್ದದ್ದು ಆ ಮಡಿಕೆಯ ಕೆಳಗೆ. ನಮ್ಮ ಕಡೆ ತ್ರೀ ಫೇಸ್ ಕರೆಂಟು ಬಂದ ಹೊತ್ತಿಗೆ ಕೊಳವೆಬಾವಿ ಓಡಿಸಬೇಕು. ನೀರು ಏರುಪೇರಾಗುವುದು ಬೇಸಿಗೆಯ ನಿತ್ಯದ ಪಾಡು. ಹಾಗಾಗಿ ಆ ರೈತ ಮಹಿಳೆಗೆ ಬೇಕಿದ್ದದ್ದು ಆ ಒಂದೇ ಸಾಲು.

ಒಂದು ಪ್ರಶ್ನೆಯಿಂದ ಏನನ್ನೂ ಸಾಧಿಸಲಾಗದು. ಹೊಸ ಆವೃತ್ತಿ ನಿಜಕ್ಕೂ ಹೆಚ್ಚು ವಿಷಯ ಹೇಳಿ ಗೆದ್ದಿರಬಹುದಲ್ಲ? ಉದ್ದವನ್ನೂ ವಿಷಯವನ್ನೂ ಬೇರ್ಪಡಿಸಿ ನೋಡಲು ಆ 2023ರ ಅಧ್ಯಯನದಲ್ಲೇ ಒಂದು ದಾರಿಯಿದೆ. ಅವರು ಪಟ್ಟಿಯಿರುವ ಉತ್ತರಗಳನ್ನು ಆಯ್ದು, ಅದೇ ಪಟ್ಟಿಯನ್ನು ಬೇರೆ ಮಾತುಗಳಲ್ಲಿ ಇನ್ನೊಮ್ಮೆ ಬರೆಸಿ ಮೂಲ ಪಟ್ಟಿಯ ಮೊದಲಿಗೆ ಸೇರಿಸಿದರು. ಹೊಸ ವಿಷಯ ಎಳ್ಳಷ್ಟೂ ಇಲ್ಲ. ಜಿಪಿಟಿ-3.5 ಶೇ 90ಕ್ಕೂ ಹೆಚ್ಚು ಬಾರಿ ಇದಕ್ಕೆ ಮರುಳಾಯಿತು. ಜಿಪಿಟಿ-4 ಶೇ 9ರಷ್ಟು ಬಾರಿ ಮಾತ್ರ. ಅಂದರೆ ಈ ಚಪಲ ಎಲ್ಲ ಮಾದರಿಗಳಲ್ಲೂ ಒಂದೇ ಸಮ ಇರುವುದಿಲ್ಲ. ತಾನು ಬಳಸುವ ತೀರ್ಪುಗಾರನನ್ನು ತಾನೇ ಪರೀಕ್ಷಿಸಬೇಕು.

ನಾನೂ ಹಾಗೆಯೇ ಮಾಡಿದೆ. ಹಳೆಯ ಆವೃತ್ತಿಯ ಉತ್ತರಗಳಲ್ಲಿ ಕೆಲವನ್ನು ತೆಗೆದುಕೊಂಡು, ಹೇಳಿದ್ದನ್ನೇ ಸುತ್ತಿಬಳಸಿ ಮತ್ತೆ ಹೇಳಿ ಎರಡು ಪಟ್ಟು ಹಿಗ್ಗಿಸಿದೆ. ಮೂಲವನ್ನೂ ಹಿಗ್ಗಿಸಿದ್ದನ್ನೂ ಜೋಡಿಯಾಗಿ ಕೊಟ್ಟೆ. ಪ್ರತಿ ಜೋಡಿಯನ್ನೂ ಕ್ರಮ ತಿರುಗಿಸಿ ಇನ್ನೊಮ್ಮೆ ಕೊಟ್ಟೆ. ಇಲ್ಲದಿದ್ದರೆ ಸ್ಥಾನದ ಒಲವನ್ನೇ ಉದ್ದದ ಒಲವೆಂದು ಓದಿಬಿಡುವ ಅಪಾಯವಿದೆ. ಎರಡೂ ಕ್ರಮದಲ್ಲಿ ಒಂದೇ ಉತ್ತರ ಗೆದ್ದರೆ ಮಾತ್ರ ಅದನ್ನು ಗೆಲುವೆಂದು ಲೆಕ್ಕ ಹಾಕಿದೆ. ವಿಷಯ ಒಂದೇ ಆದ್ದರಿಂದ ಹೆಚ್ಚಿನವು ಸಮವಾಗಬೇಕಿತ್ತು. ಹಿಗ್ಗಿಸಿದ್ದೇ ಬಹುಪಾಲು ಗೆದ್ದಿತು. ನಾಲ್ಕು ಪುಟ ತುಂಬಿಸಿದವನಿಗೆ ಗೇಣು ಹಾಕಿ ಅಂಕ ಕೊಡುವ ಪರೀಕ್ಷಕನಂತೆ ನಡೆದುಕೊಂಡಿತು ನಮ್ಮ ತೀರ್ಪುಗಾರ.

‘ಉದ್ದಕ್ಕೆ ಮರುಳಾಗಬೇಡ’ ಎಂಬ ಸೂಚನೆಯನ್ನು ಸೇರಿಸಿದಾಗ ವ್ಯತ್ಯಾಸ ತುಸು ತಗ್ಗಿತು, ಹೋಗಲಿಲ್ಲ. ಇನ್ನೊಂದು ಉಪಾಯ ಲೆಕ್ಕದ್ದು. ಅಲ್ಪಾಕಾ ಇವ್ಯಾಲ್ ಎಂಬ ಮಾಪನದವರು 2024ರಲ್ಲಿ ಇದನ್ನು ಪ್ರಕಟಿಸಿದರು. ಒಂದೇ ಮಾದರಿಗೆ ಚಿಕ್ಕದಾಗಿ ಬರೆ ಎಂದಾಗ ತನ್ನದೇ ಸಾಮಾನ್ಯ ಉತ್ತರಗಳೆದುರು ಅದರ ಗೆಲುವು ಶೇ 22.9, ವಿಸ್ತಾರವಾಗಿ ಬರೆ ಎಂದಾಗ ಶೇ 64.3. ಎರಡು ಉತ್ತರಗಳ ಉದ್ದ ಒಂದೇ ಆಗಿದ್ದಿದ್ದರೆ ಯಾವುದು ಗೆಲ್ಲುತ್ತಿತ್ತು ಎಂದು ಸಂಖ್ಯಾಶಾಸ್ತ್ರದಿಂದ ಅಂದಾಜು ಮಾಡಿದಾಗ ಅವೇ ಗೆಲುವುಗಳು ಶೇ 41.9 ಮತ್ತು ಶೇ 51.6 ಆಗಿ, ನಡುವಿನ ಅಂತರ ಕುಗ್ಗಿತು. ನಮ್ಮ ಅಂಕಪಟ್ಟಿಯ ಮೇಲೂ ಇದೇ ಬಗೆಯ ಲೆಕ್ಕ ಹಾಕಿದೆ. ಹೊಸ ಆವೃತ್ತಿಯ ಮುನ್ನಡೆಯ ಬಹುಪಾಲು ಕರಗಿತು.

ಆದರೂ ಈ ಲೆಕ್ಕವನ್ನೇ ನಂಬಿ ಕೂರಲು ನನಗೆ ಮನಸ್ಸಾಗಲಿಲ್ಲ. ಅದು ಒಟ್ಟು ಮೊತ್ತವನ್ನು ಸರಿಪಡಿಸುತ್ತದೆಯೇ ಹೊರತು, ಯಾವ ಉತ್ತರ ರೈತರ ಕೈಸುಡುತ್ತದೆ ಎಂದು ತೋರಿಸುವುದಿಲ್ಲ. ಉದ್ದ ಬೇಕೇ ಬೇಕಾದ ಪ್ರಶ್ನೆಗಳೂ ಇವೆ. ಸಸಿ ನಾಟಿಯಿಂದ ಕೊಯ್ಲಿನವರೆಗೆ ಡ್ರಿಪ್‌ನಲ್ಲಿ ಯಾವ ಗೊಬ್ಬರ ಎಷ್ಟು ಎಂದು ಕೇಳಿದವರಿಗೆ ನಾಲ್ಕು ವಾಕ್ಯ ಸಾಲದು. ಅಲ್ಲಿ ಉದ್ದದ ಉತ್ತರ ಗೆದ್ದರೆ ಅದು ನ್ಯಾಯವೇ.

ಕೊನೆಗೆ ನೆರವಾದದ್ದು ತೀರ್ಪುಗಾರನ ಕೈಯಿಂದ ಹತ್ತರ ಅಂಕವನ್ನೇ ಕಿತ್ತುಕೊಂಡದ್ದು. ನಿವೃತ್ತ ಅಧಿಕಾರಿಯವರೊಂದಿಗೆ ಕೂತು ಪ್ರತಿ ಪ್ರಶ್ನೆಗೂ ಇರಲೇಬೇಕಾದ ಮಾತುಗಳು ಮತ್ತು ಇರಲೇಬಾರದ ಮಾತುಗಳನ್ನು ಬರೆದೆವು. ಕಪ್ಪು ತಳದ ಪ್ರಶ್ನೆಗೆ: ರೋಗಾಣುವಿನದಲ್ಲ ಎಂದಿದೆಯೇ, ಕ್ಯಾಲ್ಸಿಯಂ ಕೊರತೆ ಎಂದಿದೆಯೇ, ನೀರನ್ನು ಸಮನಾಗಿ ಕೊಡಲು ಹೇಳಿದೆಯೇ, ಶಿಲೀಂಧ್ರನಾಶಕ ಸೂಚಿಸಿದೆಯೇ. ಮಾದರಿ ಈಗ ಒಂದು ಸಲಕ್ಕೆ ಒಂದೇ ಉತ್ತರವನ್ನು ಓದಿ, ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎನ್ನುತ್ತದೆ. ಹೌದಾದರೆ ಆ ಸಾಲನ್ನು ಉತ್ತರದಿಂದ ಎತ್ತಿ ತೋರಿಸಬೇಕು. ಕೂಡಿಸುವುದು, ಕಳೆಯುವುದು ನಮ್ಮ ಲೆಕ್ಕ. ಹೇಳಿದ್ದನ್ನೇ ಎರಡು ಸಲ ಹೇಳಿದರೆ ಇಲ್ಲಿ ಏನೂ ಸಿಗುವುದಿಲ್ಲ. ಬೇಡದ್ದನ್ನು ಸೇರಿಸಿದರೆ ಕಳೆದುಕೊಳ್ಳಬೇಕಾಗುತ್ತದೆ. ಹಿಗ್ಗಿಸಿದ ಜೋಡಿಗಳನ್ನು ಹೀಗೆ ಮತ್ತೆ ಓಡಿಸಿದಾಗ ಹೆಚ್ಚಿನವು ಸಮನಾದವು. ಕಪ್ಪು ತಳದ ಪ್ರಶ್ನೆಯಲ್ಲಿ ಹಳೆಯ ಉತ್ತರ ಮೇಲೆ ಬಂತು. ಗೊಬ್ಬರದ ಪ್ರಶ್ನೆಗಳಲ್ಲಿ ಹೊಸ ಆವೃತ್ತಿ ತನ್ನ ಮುನ್ನಡೆಯನ್ನು ಉಳಿಸಿಕೊಂಡಿತು.

ಈ ಪಟ್ಟಿ ಬರೆಯಲು ಹೊತ್ತು ಹಿಡಿಯುತ್ತದೆ, ಬೆಳೆ ಬದಲಾದರೆ ಹೊಸದಾಗಿ ಬರೆಯಬೇಕು, ಪಟ್ಟಿಯಲ್ಲಿಲ್ಲದ ಒಳ್ಳೆಯ ಸಲಹೆಯನ್ನು ಅದು ಗುರುತಿಸುವುದೂ ಇಲ್ಲ. ಅದಕ್ಕಾಗಿ ಪ್ರತಿ ವಾರ ಒಂದಷ್ಟು ಉತ್ತರಗಳನ್ನು ಈಗಲೂ ಅಧಿಕಾರಿಯವರೇ ಓದುತ್ತಾರೆ. ಅವರು ಗುರುತು ಹಾಕಿದ್ದಕ್ಕೂ ಮಾದರಿ ಹೇಳಿದ್ದಕ್ಕೂ ಎಲ್ಲಿ ತಾಳೆಯಾಗುವುದಿಲ್ಲವೋ ಆ ಪ್ರಶ್ನೆಯ ಪಟ್ಟಿಯನ್ನು ತಿದ್ದುತ್ತೇವೆ. ಸದ್ಯ ಎಲೆ ಮುದುಡು ರೋಗದ ಪಟ್ಟಿ ತಿದ್ದುಪಡಿಯಲ್ಲಿದೆ: ಬಿಳಿ ನೊಣದ ಹತೋಟಿಯನ್ನು ಬರೆದಿದ್ದೆವು, ರೋಗ ತಗುಲಿದ ಗಿಡವನ್ನು ಕಿತ್ತು ಹಾಕಬೇಕು ಎಂಬುದನ್ನು ಇನ್ನೂ ಸೇರಿಸಬೇಕಿದೆ.