ಮಾರ್ಜಿನ್ ಕೆಟ್ಟಿಲ್ಲ, ಬಾಕ್ಸ್ ಹೊರಗಿದೆ

“ಸರ್, ವರ್ಡ್‌ನ್ಯಾಗ ಪ್ಯಾರಾಕ್ಕ ಬಾರ್ಡರ್ ಹಾಕಿದ್ರ ಬಾಕ್ಸ್ ಎರಡೂ ಕಡೆ ಹೊರಗ ಚಾಚ್ತೈತ್ರಿ. ಮಾರ್ಜಿನ್ ಕೆಟ್ಟೈತೇನ್ರಿ?”

ಇಲ್ಲ. ಮಾರ್ಜಿನ್ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಗದಗದಲ್ಲಿ ಡಿಟಿಪಿ ಮಾಡುವ ನಾನು ಇದನ್ನು ಬಾಯಲ್ಲಿ ಹೇಳಿ ಹೇಳಿ ಬೇಸತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆಲ್ಲ ಈ ಪುಟವನ್ನೇ ಕಳಿಸುತ್ತೇನೆ.

ವರ್ಡ್ ಅಕ್ಷರಗಳನ್ನು ಮಾರ್ಜಿನ್‌ಗೆ ಸರಿಯಾಗಿ ನಿಲ್ಲಿಸುತ್ತದೆ. ಗೆರೆಯನ್ನು ಅಕ್ಷರದಿಂದ ಸ್ವಲ್ಪ ದೂರ ಬಿಟ್ಟು ಹೊರಗೆ ಎಳೆಯುತ್ತದೆ. ಎಡಬಲಕ್ಕೆ ಆ ದೂರ 4 ಪಾಯಿಂಟ್, ಮೇಲೆ ಕೆಳಗೆ 1 ಪಾಯಿಂಟ್. ಮೊದಲಿನಿಂದಲೇ ಹಾಗೆ ಸೆಟ್ ಆಗಿರುತ್ತದೆ. 72 ಪಾಯಿಂಟ್‌ಗೆ ಒಂದು ಇಂಚು, ಅಂದರೆ 4 ಪಾಯಿಂಟ್ ಸುಮಾರು ಒಂದೂವರೆ ಮಿಲಿಮೀಟರ್. ಅಷ್ಟೇ ತಾನೇ ಅನ್ನಬೇಡಿ, ಪಕ್ಕದ ಪ್ಯಾರಾ ನೇರ ಇದ್ದಾಗ ಅದು ಕಣ್ಣಿಗೆ ಹೊಡೆಯುತ್ತದೆ. ಬಾರ್ಡರ್ ಇದ್ದರೆ ಒಳಗಿನ ಬಣ್ಣವೂ ಗೆರೆಯವರೆಗೆ ಹರಡುತ್ತದೆ, ಅದಕ್ಕೇ ಶೇಡಿಂಗ್ ಕೂಡ ಹೊರಗೆ ಬಂದಂತೆ ಕಾಣುತ್ತದೆ.

ದೂರ ಎಷ್ಟಿದೆ ಅಂತ ನೋಡಬೇಕಾದರೆ `Borders and Shading` ತೆರೆದು `Options` ಒತ್ತಿ, ಅಲ್ಲಿ `From text` ಕೆಳಗೆ ಇರುತ್ತದೆ. ಅದನ್ನು ಸೊನ್ನೆ ಮಾಡುವ ಜಾಣರಿದ್ದಾರೆ. ಆಗ ಗೆರೆ ಮಾರ್ಜಿನ್‌ಗೆ ಬರುತ್ತದೆ ನಿಜ, ಆದರೆ ಅಕ್ಷರಕ್ಕೇ ಅಂಟಿಕೊಳ್ಳುತ್ತದೆ. ಓದುವವರಿಗೆ ಉಸಿರು ಕಟ್ಟುತ್ತದೆ. ಸರಿಯಾದ ದಾರಿ ಬೇರೆ: ದೂರವನ್ನು ಹಾಗೇ ಬಿಟ್ಟು, ಪ್ಯಾರಾವನ್ನೇ ಎರಡೂ ಕಡೆಯಿಂದ ಅಷ್ಟು ಒಳಗೆ ಸರಿಸಿ. ಗೆರೆ ಅರ್ಧ ಪಾಯಿಂಟ್ ದಪ್ಪ ಇದ್ದರೆ 4 ಕ್ಕೆ ಅದನ್ನೂ ಕೂಡಿಸಿ. `Paragraph` ಡೈಲಾಗ್‌ನಲ್ಲಿ `Indentation` ಕೆಳಗೆ `Left` ಮತ್ತು `Right` ಎರಡರಲ್ಲೂ `4.5 pt` ಅಂತ ಟೈಪ್ ಮಾಡಿ. ಅಲ್ಲಿ ಇಂಚು ತೋರಿಸುತ್ತಿದ್ದರೂ ಪರವಾಗಿಲ್ಲ, ವರ್ಡ್ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ರೂಲರ್ ಹಿಡಿದು ಕಣ್ಣಳತೆಯಲ್ಲಿ ಎಳೆಯಬೇಡಿ, ಒಂದು ಬಾಕ್ಸ್ ಇನ್ನೊಂದಕ್ಕೆ ಹೊಂದುವುದಿಲ್ಲ.

ಅಲ್ಲಿಗೆ ಮುಗಿಯಿತು. ಆದರೆ ಇದಕ್ಕಿಂತ ತಲೆ ತಿನ್ನುವ ವಿಷಯ ಇನ್ನೊಂದಿದೆ, ಅದನ್ನು ಯಾರೂ ಕೇಳುವುದೇ ಇಲ್ಲ: ಒಂದೇ ಬಾಕ್ಸ್ ಯಾಕೆ ತುಂಡಾಗುತ್ತದೆ?

ಒಬ್ಬ ಮೇಷ್ಟ್ರು ಶಾಲೆಯ ಸಂಚಿಕೆಯ ಫೈಲ್ ತಂದಿದ್ದರು. ಸೂಚನೆಯ ಬಾಕ್ಸ್‌ನಲ್ಲಿ ತಲೆಬರಹ, ಒಂದು ಪ್ಯಾರಾ, ಕೊನೆಗೆ ಬಲಕ್ಕೆ “ಮುಖ್ಯೋಪಾಧ್ಯಾಯರು” ಅನ್ನುವ ಸಾಲು. ಮೊದಲೆರಡು ಒಂದು ಬಾಕ್ಸ್‌ನಲ್ಲಿ ಕೂತಿದ್ದವು. ಕೊನೆಯ ಸಾಲು ಮಾತ್ರ ಬಲಕ್ಕೆ ಹೋಗಿ ಸಣ್ಣ ಬಾಕ್ಸ್ ಕಟ್ಟಿಕೊಂಡಿತ್ತು. “ನಿಮ್ಮ ಕಂಪ್ಯೂಟರ್‌ನ್ಯಾಗ ವೈರಸ್ ಐತ್ರಿ,” ಅಂದರು ಮೇಷ್ಟ್ರು. ಫೈಲ್ ಅವರದು, ವೈರಸ್ ನನ್ನದು!

ಒಂದರ ಕೆಳಗೊಂದು ಇರುವ ಪ್ಯಾರಾಗಳಿಗೆ ಬಾರ್ಡರ್ ಒಂದೇ ಇದ್ದು, ಎಡಬಲದ ಇಂಡೆಂಟ್ ಕೂಡ ಒಂದೇ ಇದ್ದರೆ ಮಾತ್ರ ವರ್ಡ್ ಅವನ್ನು ಒಂದೇ ಬಾಕ್ಸ್‌ಗೆ ಸೇರಿಸುತ್ತದೆ. ಮೇಷ್ಟ್ರು ಆ ಸಾಲನ್ನು ಬಲಕ್ಕೆ ತರಲು ಎಡ ಇಂಡೆಂಟನ್ನು ಮೂರು ಇಂಚು ಎಳೆದಿದ್ದರು. ಅದನ್ನು ಉಳಿದ ಎರಡರಂತೆ 4.5 ಪಾಯಿಂಟ್‌ಗೆ ತಂದು, `Align Right` ಒತ್ತಿದೆ. ಬಾಕ್ಸ್ ಕೂಡಿಕೊಂಡಿತು. ಅಲೈನ್‌ಮೆಂಟ್ ಬದಲಿಸಿದರೆ ಬಾಕ್ಸ್‌ಗೆ ಏನೂ ಆಗುವುದಿಲ್ಲ, ಇಂಡೆಂಟ್ ಬದಲಿಸಿದರೆ ಒಡೆಯುತ್ತದೆ. ಬಾಕ್ಸ್ ಒಳಗೆ ಬುಲೆಟ್ ಹಾಕಿದಾಗ ಬೇರೆಬೇರೆ ಆಗುವುದೂ ಇದಕ್ಕೇ. ಪ್ರತಿ ಸಾಲಿಗೂ ಬೇರೆ ಬಾಕ್ಸ್ ಬಂದಿದ್ದರೆ ಮಾತ್ರ ಕತೆ ಬೇರೆ: `Apply to` ನಲ್ಲಿ `Paragraph` ಬದಲು `Text` ಇರುತ್ತದೆ, ನೋಡಿ.

ಮೇಷ್ಟ್ರು ಸಮಾಧಾನವಾಗಿ ಹೊರಟಾಗ ಅದೇ ಬಾಕ್ಸ್ ಪುಟದ ತುದಿಯಲ್ಲಿ ಅರ್ಧ, ಮುಂದಿನ ಪುಟದಲ್ಲಿ ಅರ್ಧ ಆಗಿದ್ದು ಕಂಡಿತು. ಇದಕ್ಕೆ ಎಂಟರ್ ಹೊಡೆದು ಹೊಡೆದು ಕೆಳಗೆ ತಳ್ಳುವವರೇ ಜಾಸ್ತಿ. ಮೇಲೆ ಒಂದು ಸಾಲು ಸೇರಿದರೆ ಆ ಎಂಟರ್‌ಗಳೆಲ್ಲ ಎಲ್ಲೋ ಹೋಗಿ ನಿಲ್ಲುತ್ತವೆ. `Paragraph` ಡೈಲಾಗ್‌ನ `Line and Page Breaks` ಟ್ಯಾಬ್‌ಗೆ ಹೋಗಿ, ಮೂರೂ ಪ್ಯಾರಾಗಳಿಗೆ `Keep lines together` ಹಾಕಿದೆ. ಅದು ಒಂದು ಪ್ಯಾರಾದ ಒಳಗಿನ ಸಾಲುಗಳನ್ನಷ್ಟೇ ಹಿಡಿದಿಡುತ್ತದೆ. ಪ್ಯಾರಾಗಳು ಒಂದನ್ನೊಂದು ಬಿಡದಿರಲು ಮೊದಲೆರಡಕ್ಕೆ `Keep with next` ಕೂಡ ಬೇಕು. ಕೊನೆಯದಕ್ಕೆ ಬೇಡ. ಹಾಕಿದರೆ ಬಾಕ್ಸ್ ಕೆಳಗಿನ ಪ್ಯಾರಾಕ್ಕೂ ಗಂಟು ಬೀಳುತ್ತದೆ.

ಹೀಗೆ ಮಾಡಿದ ಮೇಲೆ ಹಿಂದಿನ ಪುಟದ ಕೆಳಗೆ ಖಾಲಿ ಜಾಗ ಉಳಿಯುತ್ತದೆ. ಅದನ್ನು ತೋರಿಸಿ ಮತ್ತೆ ಫೋನ್ ಮಾಡಬೇಡಿ, ಬಾಕ್ಸ್ ಕೂಡಿರಬೇಕು ಅಂದವರು ನೀವೇ. ಒಂದು ಪುಟಕ್ಕಿಂತ ಉದ್ದದ ಬಾಕ್ಸ್ ಇದ್ದರೆ ಈ ಯಾವುದೂ ನಡೆಯುವುದಿಲ್ಲ, ಅದು ಒಡೆಯಲೇಬೇಕು. ಆಗ ಮ್ಯಾಟರ್ ಕಡಿಮೆ ಮಾಡಿ, ಇಲ್ಲವೇ ಬಾರ್ಡರ್ ತೆಗೆದು ತಲೆಬರಹದ ಕೆಳಗೆ ಒಂದು ಗೆರೆ ಹಾಕಿ.